‘ಡೌಟ್ ಇದ್ರೆ ಕೇಳು’ ಅಂತ ಹೇಳಿ ಕೆಟ್ಟೆ

(1)

ಫೋಟೋದಲ್ಲಿ ಇರೋದು ನನ್ನ ಜೂನಿಯರ್‌ನ ರಫ್ ನೋಟ್‌ಬುಕ್. ಅವಳ ಹೆಸರು ಹಾಕ್ತಿಲ್ಲ. ಇದನ್ನ ಪೋಸ್ಟ್ ಮಾಡೋಕೆ ಮುಂಚೆ ಅವಳಿಗೆ ಪೂರ್ತಿ ಓದಿಸಿದ್ದೀನಿ, ಎರಡು ಕಡೆ ಅವಳೇ ತಿದ್ದಿಸಿದ್ದಾಳೆ.

ನಮ್ಮ ಡಿಪಾರ್ಟ್‌ಮೆಂಟಲ್ಲಿ ಈ ವರ್ಷ ಫೈನಲ್ ಇಯರ್‌ನವರಿಗೆ ಒಬ್ಬೊಬ್ಬ ಫಸ್ಟ್ ಇಯರ್‌ನವರನ್ನ ಜೊತೆ ಮಾಡಿದ್ರು. ತಿಂಗಳಿಗೆ ಒಂದ್ ಸಲ ಕೂತು ಮಾತಾಡಿ, ರಿಜಿಸ್ಟರಲ್ಲಿ ಸೈನ್ ಹಾಕಿ, ಅಷ್ಟೇ. ಏನು ಮಾತಾಡ್ಬೇಕು ಅಂತ ಯಾರೂ ಹೇಳ್ಲಿಲ್ಲ. ನೀವೂ ಈ ವರ್ಷ ಸೀನಿಯರ್ ಆಗಿದ್ರೆ ನಿಮ್ಮ ಕೈಗೂ ಬರುತ್ತೆ, ಅದಕ್ಕೇ ಬರೀತಿದ್ದೀನಿ.

ಮೊದಲನೇ ಮೀಟಿಂಗ್ ಕ್ಯಾಂಟೀನಲ್ಲಿ. ಟೀ ಕೊಡಿಸಿದೆ. ನಾನು ಫಸ್ಟ್ ಇಯರಲ್ಲಿ ಹೆಂಗಿದ್ದೆ, ಯಾವ ಲೆಕ್ಚರರ್ ಹೆಂಗೆ, ಎಲ್ಲ ಹೇಳಿದೆ. ಮುಕ್ಕಾಲು ಗಂಟೆ ನಾನೇ ಮಾತಾಡಿದ್ದೀನಿ ಅಂತ ಆಮೇಲೆ ಗೊತ್ತಾಯ್ತು. ಕೊನೆಗೆ ದೊಡ್ಡವಳ ಥರ ಕೇಳಿದೆ, “ಏನಾದ್ರೂ ಡೌಟ್ ಇದ್ಯಾ?”

“ಇಲ್ಲ ಅಕ್ಕ.”

ಎರಡು ವಾರಕ್ಕೆ ಇಂಟರ್ನಲ್ ಬಂತು. ಅಕೌಂಟ್ಸಲ್ಲಿ ಅವಳಿಗೆ 20ಕ್ಕೆ 4. ಅವಳ ಬೆಂಚಿನ ಹುಡುಗಿ ನನ್ನ ಹುಡುಕ್ಕೊಂಡು ಬಂದು, “ಅಕ್ಕ, ಅವಳು ಟಿಸಿ ತಗೋತೀನಿ ಅಂತಿದ್ದಾಳೆ” ಅಂದ್ಳು.

(2)

ಪಿಯುಸಿಯಲ್ಲಿ ಅವಳು ಆರ್ಟ್ಸ್, ಅದೂ ಕನ್ನಡ ಮೀಡಿಯಂ. ಡೆಬಿಟ್, ಕ್ರೆಡಿಟ್ ಅನ್ನೋ ಮಾತನ್ನ ಎಟಿಎಂ ಕಾರ್ಡ್ ಮೇಲೆ ಬಿಟ್ರೆ ಬೇರೆ ಎಲ್ಲೂ ನೋಡಿರ್ಲಿಲ್ಲ. ನಾನು ಇದನ್ನ ಕೇಳೇ ಇರ್ಲಿಲ್ಲ ನೋಡಿ! ಅಂಥವಳಿಗೆ ಡೌಟ್ ಎಲ್ಲಿಂದ ಬರ್ಬೇಕು? ಡೌಟ್ ಬರೋಕೆ ಅರ್ಧ ಆದ್ರೂ ಗೊತ್ತಿರ್ಬೇಕು. ಪೂರ್ತಿ ಕತ್ತಲೆ ಇದ್ದಾಗ ‘ಯಾವ ಮೂಲೆ ಕಾಣ್ತಿಲ್ಲ’ ಅಂತ ಕೇಳಿದ್ರೆ ಯಾರಾದ್ರೂ ‘ಇಲ್ಲ ಅಕ್ಕ’ ಅಂತಾನೇ ಹೇಳೋದು.

ಎರಡನೇ ಸಲಕ್ಕೆ ನಾನು ಇನ್ನೊಂದು ತುದಿಗೆ ಹೋದೆ. ವಾಟ್ಸಾಪಲ್ಲಿ ಏಳು ಪ್ರಶ್ನೆ ಕಳಿಸಿ, ಎಲ್ಲದಕ್ಕೂ ಉತ್ತರ ಬರ್ಕೊಂಡು ಬಾ ಅಂದೆ. ಬಂದ್ಳು. ನೀಲಿ ಪೆನ್ನು, ಮಾರ್ಜಿನ್‌ಗೆ ಸ್ಕೇಲ್ ಗೆರೆ, ಒಂದೇ ಒಂದು ಚಿತ್ತಿಲ್ಲ. ಆ ಹಾಳೆ ನೋಡಿದ ತಕ್ಷಣ ಗೊತ್ತಾಗೋಯ್ತು, ಗೈಡಿಂದ ಇಳಿಸಿದ್ದು. ಕಲೀತಿರೋರ ಹಾಳೆ ಅಷ್ಟು ಚೆನ್ನಾಗಿರಲ್ಲ. ರಾತ್ರಿ ಒಂದು ಗಂಟೆವರೆಗೂ ಬರೆದಿದ್ಳಂತೆ ಪಾಪ, ನನ್ನನ್ನ ಮೆಚ್ಚಿಸೋಕೆ.

ತಯಾರಿ ಅಂದ್ರೆ ನನಗೆ ತೋರಿಸೋ ಪರೀಕ್ಷೆ ಅಂತ ಅವಳು ಅಂದ್ಕೊಂಡ್ಳು. ಹಂಗೆ ಅನ್ಸೋ ಥರ ಕೇಳಿದ್ದು ನಾನೇ.

(3)

ಆಮೇಲೆ ನಾವು ಮಾಡ್ಕೊಂಡ ವ್ಯವಸ್ಥೆ ಇದು. ತಿಂಗಳ ಮೊದಲನೇ ಶನಿವಾರ, ಮಧ್ಯಾಹ್ನ 1ಕ್ಕೆ, ಲೈಬ್ರರಿ ಹಿಂದಿನ ಮೆಟ್ಟಿಲ ಮೇಲೆ, 50 ನಿಮಿಷ. ಕ್ಯಾಂಟೀನ್ ಬೇಡ, ಅಲ್ಲಿ ಪಕ್ಕದ ಟೇಬಲ್‌ನವರು ಕೇಳ್ತಾರೆ ಅಂತ ಅವಳು ಬಾಯೇ ಬಿಡಲ್ಲ. 50 ನಿಮಿಷ ಯಾಕೆ ಅಂದ್ರೆ ಅವಳ ಊರಿನ ಬಸ್ಸು 2.15ಕ್ಕೆ, ಅದು ಬಿಟ್ರೆ ಐದು ಗಂಟೆಗೇ. ಶಕ್ತಿ ಯೋಜನೆ ಬಂದ್ಮೇಲೆ ಟಿಕೆಟ್ ದುಡ್ಡು ಇಲ್ಲ ನಿಜ, ಆದ್ರೆ ಬಸ್ಸು ನಮ್ಮ ಟೈಮಿಗೆ ಬರಲ್ವಲ್ಲ. ದಿನ ನೀವು ಇಡೋಕೆ ಮುಂಚೆ ಜೂನಿಯರ್‌ನ ಬಸ್ ಟೈಮ್ ಕೇಳಿ. ಅರ್ಧ ಮನಸ್ಸು ಬಸ್ ಸ್ಟ್ಯಾಂಡಲ್ಲಿದ್ರೆ ಇಲ್ಲಿ ಏನೂ ತಲೆಗೆ ಹೋಗಲ್ಲ.

ಅದಕ್ಕಿಂತ ಎರಡು ದಿನ ಮುಂಚೆ, ಗುರುವಾರ ರಾತ್ರಿ ಒಳಗೆ ಅವಳು ನನಗೆ ಒಂದು ಮೆಸೇಜ್ ಹಾಕ್ಬೇಕು. ಹಿಂದಿನ ಭಾನುವಾರ ನಾನು ಅವಳಿಗೆ ಕಳಿಸೋದು ಇಷ್ಟು, ಬೇಕಾದ್ರೆ ಹಂಗೇ ಕಾಪಿ ಮಾಡ್ಕೊಳ್ಳಿ:

“ಶನಿವಾರ ಸಿಗೋಣ. ಗುರುವಾರದೊಳಗೆ ಮೂರು ಕಳಿಸು. ಒಂದು, ನೀನೇ ಮಾಡೋಕೆ ಹೋಗಿ ನಿಂತುಹೋದ ಒಂದೇ ಒಂದು ಲೆಕ್ಕದ ಫೋಟೋ. ಅಳಿಸ್ಬೇಡ, ಫೇರ್ ಮಾಡ್ಬೇಡ, ಎಲ್ಲಿ ನಿಂತೆ ಅಲ್ಲಿ ಸುತ್ತು ಹಾಕು. ಎರಡು, ಹೋದ ಸಲ ನೀನು ಒಪ್ಕೊಂಡಿದ್ದು ಆಯ್ತಾ, ಅರ್ಧ ಆಯ್ತಾ, ಆಗ್ಲಿಲ್ವಾ. ಕಾರಣ ಬೇಡ. ಮೂರು, ಮುಂದಿನ ಒಂದು ತಿಂಗಳಲ್ಲಿ ಕೊನೆ ದಿನ ಇರೋದು ಏನೇನಿದೆ, ಓದಿಂದಾಗ್ಲಿ, ಫೀಸಾಗ್ಲಿ, ಅರ್ಜಿಯಾಗ್ಲಿ. ಹತ್ತು ನಿಮಿಷಕ್ಕಿಂತ ಜಾಸ್ತಿ ಹಿಡಿದ್ರೆ ಬಿಟ್ಬಿಡು.”

ಆ ಕೊನೇ ಸಾಲು ಮರೀಬೇಡಿ. ಅದಿಲ್ದಿದ್ರೆ ಮತ್ತೆ ಸ್ಕೇಲ್ ಗೆರೆ ಶುರುವಾಗುತ್ತೆ. ಎರಡನೇದ್ರಲ್ಲಿ ‘ಕಾರಣ ಬೇಡ’ ಅಂತ ಹಾಕಿದ್ದೂ ಬೇಕಂತಾನೇ. ಕಾರಣ ಕೇಳಿದ್ರೆ ಅವಳು ಅದನ್ನ ಹುಡುಕೋದ್ರಲ್ಲೇ ಕಷ್ಟ ಪಡ್ತಾಳೆ, ನಾನು ನಂಬೋದಾ ಬೇಡ್ವಾ ಅಂತ ಯೋಚಿಸ್ತೀನಿ. ಇಬ್ರಿಗೂ ಟೈಮ್ ವೇಸ್ಟ್.

(4)

ಗುರುವಾರ ಯಾಕೆ ಅಂತ ಕೇಳ್ಬಹುದು. ಇಲ್ಲಿ ನೋಡಿ, ಮೊದಲನೇ ಫೋಟೋ ಬಂದಾಗ ಏನಾಯ್ತು ಅಂತ.

ಟ್ರಯಲ್ ಬ್ಯಾಲೆನ್ಸ್ ಲೆಕ್ಕ. ಅವಳ ಡೆಬಿಟ್ ಕಡೆ ಮೊತ್ತ 1,06,100. ಕ್ರೆಡಿಟ್ ಕಡೆ 1,07,500. 1,400 ವ್ಯತ್ಯಾಸ. ಅದಕ್ಕೆ ಅವಳು ಕೆಳಗೆ ಸಸ್ಪೆನ್ಸ್ ಅಕೌಂಟ್ ಅಂತ ಬರೆದು, ಡೆಬಿಟ್ ಕಡೆಗೆ 1,400 ಸೇರಿಸಿ, ಎರಡೂ ಕಡೆ ಸರಿ ಮಾಡಿ, ಅಲ್ಲಿ ದೊಡ್ಡ ಸುತ್ತು ಹಾಕಿದ್ಳು. “ಫ್ರೆಂಡ್ ಹೇಳಿದ್ಳು ಅಕ್ಕ, ಟ್ಯಾಲಿ ಆಗ್ದಿದ್ರೆ ಇದನ್ನ ಹಾಕು ಅಂತ.”

ಈ ಫೋಟೋ ಶನಿವಾರ ಮಧ್ಯಾಹ್ನವೇ ನನ್ನ ಕೈಗೆ ಬಂದಿದ್ರೆ ನಾನು ಗಡಿಬಿಡಿಯಲ್ಲಿ ಪೆನ್ ಕಿತ್ಕೊಂಡು ಸರಿ ಮಾಡಿ ಕೊಟ್ಬಿಡ್ತಿದ್ದೆ. ಎರಡು ದಿನ ಇದ್ದಿದ್ದಕ್ಕೆ ಕೂತು ನೋಡಿದೆ. ವ್ಯತ್ಯಾಸವನ್ನ ಅರ್ಧ ಮಾಡಿ ನೋಡೋದು ಅಕೌಂಟ್ಸಲ್ಲಿ ಹಳೇ ಉಪಾಯ. ಡೆಬಿಟ್‌ಗೆ ಹೋಗ್ಬೇಕಾದ ಮೊತ್ತ ಕ್ರೆಡಿಟ್‌ಗೆ ಹೋದ್ರೆ ಈ ಕಡೆ ಅಷ್ಟು ಕಮ್ಮಿ ಆಗುತ್ತೆ, ಆ ಕಡೆ ಅಷ್ಟೇ ಜಾಸ್ತಿ ಆಗುತ್ತೆ, ಒಟ್ಟು ವ್ಯತ್ಯಾಸ ಎರಡರಷ್ಟು. 1,400ರ ಅರ್ಧ 700. ಅವಳ ಹಾಳೆಯಲ್ಲಿ 700 ಒಂದೇ ಕಡೆ ಇತ್ತು, ಕ್ರೆಡಿಟ್ ಕಾಲಮ್ಮಲ್ಲಿ, ಡಿಸ್ಕೌಂಟ್ ಅಲೋಡ್ ಎದುರಿಗೆ.

ತಪ್ಪು ಎಲ್ಲಿದೆ ಅಂತ ನನಗೆ ಸಿಕ್ತು. ಯಾಕೆ ತಪ್ಪಾಯ್ತು ಅಂತ ಮಾತ್ರ ಫೋಟೋ ಹೇಳಲ್ಲ, ಅದಕ್ಕೇ ಭೇಟಿ ಬೇಕಾಗೋದು. ಶನಿವಾರಕ್ಕೆ ನಾನು ಒಂದೇ ಪ್ರಶ್ನೆ ಇಟ್ಕೊಂಡು ಹೋದೆ. “ಇದನ್ನ ಯಾಕೆ ಈ ಕಡೆ ಬರೆದೆ?” ಕೇಳಿ ಸುಮ್ನೆ ಕೂತೆ. ತುಂಬಾ ಹೊತ್ತು. (ಸುಮ್ನೆ ಕೂರೋದು ನನ್ನಂಥವಳಿಗೆ ಎಷ್ಟು ಕಷ್ಟ ಅಂತ ನನ್ನ ಕ್ಲಾಸ್‌ಮೇಟ್ಸ್‌ಗೆ ಗೊತ್ತು.)

“ಡಿಸ್ಕೌಂಟ್ ಅಲೋಡ್ ಅಂದ್ರೆ ನಮಗೆ ಡಿಸ್ಕೌಂಟ್ ತಗೊಳ್ಳೋಕೆ ಅವಕಾಶ ಕೊಟ್ಟಿದ್ದಾರೆ ಅಂತ ಅಲ್ವಾ ಅಕ್ಕ? ಹಂಗಾದ್ರೆ ನಮಗೆ ಲಾಭ. ಲಾಭ ಕ್ರೆಡಿಟ್ ತಾನೇ?”

ನೋಡಿ! ಲಾಭ ಕ್ರೆಡಿಟ್ ಅನ್ನೋದು ಸರಿಯಾಗೇ ಗೊತ್ತು. ಎಡವಿದ್ದು ಇಂಗ್ಲಿಷಲ್ಲಿ, ಲೆಕ್ಕದಲ್ಲಿ ಅಲ್ಲ. ಅವಳ ಮಾವನಿಗೆ ಊರಲ್ಲಿ ಗೊಬ್ಬರದ ಅಂಗಡಿ ಇದೆ. “ಗಿರಾಕಿ ಬೇಗ ಸಾಲ ತೀರಿಸಿದ ಅಂತ ನಿಮ್ಮ ಮಾವ ನೂರು ರೂಪಾಯಿ ಬಿಟ್ರೆ, ಆ ನೂರು ಯಾರಿಗೆ ಹೋಯ್ತು?” ಅಂದೆ. “ಗಿರಾಕಿಗೆ” ಅಂದ್ಳು. ಒಂದು ಕ್ಷಣ ಬಿಟ್ಟು, ಅವಳೇ 700 ಹೊಡೆದು ಆ ಕಡೆ ಬರೆದ್ಳು. ಕೂಡಿದ್ಳು. ಎರಡೂ ಕಡೆ 1,06,800. ಸಸ್ಪೆನ್ಸ್‌ನ ಎಷ್ಟು ಜೋರಾಗಿ ಹೊಡೆದ್ಳು ಅಂದ್ರೆ ಹಾಳೆ ಹರಿದೋಯ್ತು. ಮೊದಲನೇ ಫೋಟೋದಲ್ಲಿ ಕಾಣ್ತಿರೋ ತೂತು ಅದೇ.

ಅರ್ಧದ ಉಪಾಯ ಒಂದೇ ತಪ್ಪಿದ್ದಾಗ ಮಾತ್ರ ನಡೆಯೋದು ಅಂತಾನೂ ಹೇಳಿದೆ. ಅರ್ಧ ಸಿಗದೆ, ವ್ಯತ್ಯಾಸ 9ರಿಂದ ಭಾಗ ಹೋದ್ರೆ ಅಕ್ಕಪಕ್ಕದ ಅಂಕಿ ಅದಲು ಬದಲಾಗಿರ್ಬಹುದು, 85ನ 58 ಅಂತ ಬರೆದ ಹಾಗೆ. ಇನ್ನು ಎಂಟ್ರಿಯನ್ನೇ ಮರೆತಿದ್ರೆ ಎರಡೂ ಕಡೆ ಟ್ಯಾಲಿ ಆಗುತ್ತೆ, ಲೆಕ್ಕ ತಪ್ಪೇ ಇರುತ್ತೆ.

ಕೊನೇ ಹತ್ತು ನಿಮಿಷ ಮುಂದಿನ ತಿಂಗಳಿಗೆ. ಒಪ್ಪಂದವನ್ನ ಅವಳೇ ಬರೀಬೇಕು, ಅವಳ ಮಾತಲ್ಲೇ. “ಚೆನ್ನಾಗಿ ಓದ್ತೀನಿ” ಅಂತ ಬರೆದಿದ್ಳು, ಬೇಡ ಅಂದೆ, ಆಯ್ತೋ ಇಲ್ವೋ ಅಂತ ಅಳೆಯೋಕಾಗಲ್ಲ. ಆಮೇಲೆ ಬರೆದಿದ್ದು, “ಪ್ರತಿ ಭಾನುವಾರ ಐದು ಇಂಗ್ಲಿಷ್ ಪದ, ಪಕ್ಕದಲ್ಲಿ ಮಾವನ ಅಂಗಡಿ ಉದಾಹರಣೆ.” ಇಂಥದ್ದು ನಾನು ಕೊಟ್ಟಿದ್ರೆ ‘ಡೆಫಿನಿಷನ್ ಬರಿ’ ಅಂತ ಕೊಡ್ತಿದ್ದೆ.

(5)

ಮೂರನೇ ತಿಂಗಳು ಗುರುವಾರ ಮೆಸೇಜ್ ಬರ್ಲಿಲ್ಲ. ಶುಕ್ರವಾರ ಮಧ್ಯಾಹ್ನವೂ ಇಲ್ಲ. ಕ್ಯಾನ್ಸಲ್ ಮಾಡೋಣ ಅಂತ ಅನ್ಸಿತ್ತು, ಸ್ವಲ್ಪ ಸಿಟ್ಟೂ ಬಂದಿತ್ತು. ತಯಾರಿ ಇಲ್ಲ ಅಂತ ಭೇಟಿ ಬಿಟ್ರೆ, ಯಾರಿಗೆ ಜಾಸ್ತಿ ಬೇಕೋ ಅವರೇ ತಪ್ಪಿಸ್ಕೊಳ್ತಾರೆ. ಫೋನ್ ಮಾಡಿ, “ಏನೂ ಮಾಡಿಲ್ಲ ಅಂದ್ರೂ ಪರವಾಗಿಲ್ಲ, ‘ಏನೂ ಮಾಡಿಲ್ಲ, ಬರ್ತೀನಿ’ ಅಂತ ಹಾಕು, ಮೂರನೇದು ಮಾತ್ರ ಬರಿ” ಅಂದೆ.

ರಾತ್ರಿ ಬಂತು. “ಏನೂ ಮಾಡಿಲ್ಲ, ಬರ್ತೀನಿ. 3. ಸ್ಕಾಲರ್‌ಶಿಪ್ ಅರ್ಜಿ ಹಾಕಿಲ್ಲ, ಇನ್‌ಕಮ್ ಸರ್ಟಿಫಿಕೇಟ್ ಡೇಟ್ ಮುಗಿದಿದೆ. ಫೀಸ್ ಬಾಕಿ ಇದೆ.”

ಅವತ್ತು ಅಕೌಂಟ್ಸ್ ಪುಸ್ತಕ ತೆಗೀಲೇ ಇಲ್ಲ. ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷ ವಾಯಿದೆ, ಅವಳದ್ದು ಹೈಸ್ಕೂಲಲ್ಲಿ ಮಾಡ್ಸಿದ್ದು. ನಾಡಕಚೇರಿಯಲ್ಲಿ ಹೊಸದು ಮಾಡಿಸಿದ್ರೆ ಅದರ ಮೇಲೆ ಆರ್‌ಡಿ ನಂಬರ್ ಬರುತ್ತೆ, ಎಸ್‌ಎಸ್‌ಪಿ ಪೋರ್ಟಲ್ ಕೇಳೋದು ಅದನ್ನೇ. ಅಷ್ಟು ನನಗೆ ಗೊತ್ತಿತ್ತು, ನನ್ನದೂ ಹಂಗೇ ಆಗಿತ್ತು. ಯಾವ ಕಾಗದ, ಯಾವ ದಿನ, ಮನೇಲಿ ಯಾರು ಹೋಗ್ತಾರೆ ಅಂತ ಬರ್ಕೊಂಡ್ವಿ.

ಅವತ್ತು ಅವಳು ಮನೆ ವಿಷಯ ಇನ್ನೊಂದನ್ನೂ ಹೇಳಿದ್ಳು. ಅದನ್ನ ಇಲ್ಲಿ ಬರೆಯಲ್ಲ. ನನಗೆ ಇಪ್ಪತ್ತು ವರ್ಷ, ಅದಕ್ಕೆ ಉತ್ತರ ನನ್ನ ಹತ್ರ ಇರ್ಲಿಲ್ಲ. “ಮೇಡಮ್ ಹತ್ರ ಹೋಗೋಣ್ವಾ, ನಾನೂ ಬರ್ತೀನಿ” ಅಂತ ಕೇಳಿದೆ. ಅವಳು ಹೂಂ ಅಂದ್ಮೇಲೆ ಹೋದ್ವಿ, ಅವಳೇ ಮಾತಾಡಿದ್ಳು, ನಾನು ಬಾಗಿಲ ಹತ್ರ ನಿಂತಿದ್ದೆ. ಮೊದಲನೇ ದಿನದಿಂದಲೂ ಆ ಮೂರನೇ ಸಾಲು ಕೇಳಿದ್ರೆ ಚೆನ್ನಾಗಿತ್ತು ಅಂತ ಈಗಲೂ ಅನ್ಸುತ್ತೆ.

ಎರಡನೇ ಇಂಟರ್ನಲಲ್ಲಿ 20ಕ್ಕೆ 11 ಬಂತು. ಟಿಸಿ ಮಾತು ಆಮೇಲೆ ಕೇಳಿಲ್ಲ.

ನಾಳಿದ್ದು ಶನಿವಾರ. ಈ ಸಲ ಅವಳ ಮೆಸೇಜ್ ಬುಧವಾರವೇ ಬಂದಿದೆ, ಎರಡನೇ ಫೋಟೋ ಅದೇ:

“ಅಕ್ಕ, ವ್ಯತ್ಯಾಸ 270. ಅರ್ಧ 135 ಎಲ್ಲೂ ಇಲ್ಲ. 9ರಿಂದ ಭಾಗ ಹೋಗ್ತಿದೆ. ಹುಡುಕ್ತಿದ್ದೀನಿ, ಹೇಳ್ಬೇಡಿ. ಸಿಕ್ಕಿದ್ರೆ ಶನಿವಾರಕ್ಕೆ ಬೇರೆ ಲೆಕ್ಕ ತರ್ತೀನಿ.”