ಉಳಿದ ಒಂಬತ್ತು ಕ್ಲಾಸುಗಳು

ಏಪ್ರಿಲ್ 7ರ ಸಂಜೆ ಯೋಗ ಸ್ಟುಡಿಯೋದ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದರೆ, ಹಾಜರಿ ಪುಸ್ತಕ ನೋಡುತ್ತಿದ್ದ ಅಕ್ಕಾರು ತಲೆ ಎತ್ತಿ, "ಸರ್, ನಿಮ್ಮ ಪ್ಯಾಕ್ ನಾಕನೇ ತಾರೀಖಿಗೇ ಮುಗದೈತ್ರಿ" ಅಂದರು. "ಇನ್ನೂ ಒಂಬತ್ತು ಕ್ಲಾಸು ಉಳಿದಾವಲ್ಲ?" ಅಂದೆ. "ಉಳಿದಾವ್ರಿ, ಆದ್ರ ತೊಂಬತ್ತು ದಿನಾ ಮುಗದಾವಲ್ಲ."

ಹಿಂದೆ ಇಬ್ಬರು ಚಾಪೆ ಹಿಡಿದು ನಿಂತಿದ್ದರು. ನಾನು ಏನೂ ಹೇಳದೆ ಮತ್ತೆ ಚಪ್ಪಲಿ ಮೆಟ್ಟಿ ಹೊರಗೆ ಬಂದೆ. ರಸ್ತೆಯಲ್ಲಿ ನಿಂತು ಅವರಿಗೆ ಒಂದು ಮೆಸೇಜು ಕಳಿಸಿದೆ. ಅದನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಸಾರಾಂಶ ಇಷ್ಟೇ: ಕಲಿಸದ ಪಾಠಕ್ಕೆ ದುಡ್ಡು ಇಟ್ಟುಕೊಳ್ಳುವುದು ಯಾವ ಯೋಗ?

ಹಿನ್ನೆಲೆ ಹೇಳಿಬಿಡುತ್ತೇನೆ. ಪುಣೆಯ ಬಾಣೇರ್ ಕಡೆ ನಮ್ಮ ಸೊಸೈಟಿಯಿಂದ ಐದು ನಿಮಿಷದ ದಾರಿಯಲ್ಲಿ ಈ ಸ್ಟುಡಿಯೋ ಇದೆ. ನಡೆಸುವವರು ಬೆಳಗಾವಿ ಕಡೆಯವರು, ಐವತ್ತು ದಾಟಿದವರು. ಮರಾಠಿಯಲ್ಲಿ ಕಲಿಸುತ್ತಾರೆ, ನಾನು ಗದಗಿನವನೆಂದು ಗೊತ್ತಾದ ದಿನದಿಂದ ನನ್ನ ಬೆನ್ನನ್ನು ಕನ್ನಡದಲ್ಲಿ ಬೈಯುತ್ತಾರೆ. ಹದಿನೈದು ವರ್ಷ ಕುರ್ಚಿಯಲ್ಲಿ ಕೂತು ಕೋಡು ಬರೆದ ಬೆನ್ನು ಅದು, ಬೈಗುಳಕ್ಕೆ ತಕ್ಕದ್ದೇ. ದರ ಹೀಗಿತ್ತು: ಒಂದು ದಿನಕ್ಕೆ ಬಂದು ಹೋದರೆ 500 ರೂಪಾಯಿ. ಹತ್ತು ಕ್ಲಾಸಿನ ಪ್ಯಾಕ್‌ಗೆ 4,000, ಅರವತ್ತು ದಿನದ ಗಡುವು. ಇಪ್ಪತ್ತರದ್ದಕ್ಕೆ 7,000, ತೊಂಬತ್ತು ದಿನದ ಗಡುವು. ಜನವರಿ 5ರಂದು, ಹೊಸ ವರ್ಷದ ಹುರುಪಿನಲ್ಲಿ, ಕ್ಲಾಸಿಗೆ 350 ಅಷ್ಟೇ ಬೀಳುತ್ತದೆಂದು ಲೆಕ್ಕ ಹಾಕಿ ದೊಡ್ಡ ಪ್ಯಾಕನ್ನೇ ಕೊಂಡೆ.

ಜನವರಿಯಲ್ಲಿ ಏಳು ಸಲ ಹೋದೆ. ಫೆಬ್ರವರಿಯಲ್ಲಿ ಆಫೀಸಿನಲ್ಲಿ ರಿಲೀಸ್ ಇತ್ತು, ಮೂರೇ ಸಲ. ಮಾರ್ಚ್ 1ಕ್ಕೆ ಒಂದು. ಮಾರ್ಚ್ 8ರಂದು ಅವ್ವ ಊರಿನ ಮನೆಯ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಳು. ಹುಬ್ಬಳ್ಳಿಯ ಆಸ್ಪತ್ರೆ, ಆಪರೇಶನ್ನು, ಆಮೇಲೆ ಮನೆಯಲ್ಲಿ ವಾಕರ್ ಹಿಡಿಸಿ ನಡೆಸುವುದು. ನಾನು ಪುಣೆಗೆ ಮರಳಿದ್ದು ಏಪ್ರಿಲ್ 2ಕ್ಕೆ. ಆಸ್ಪತ್ರೆಯ ಬೆಂಚಿನ ಮೇಲೆ ಮಲಗಿ ಬೆನ್ನು ಮತ್ತೆ ಹಲಗೆಯಾಗಿತ್ತು. ಆ ಇಪ್ಪತ್ತೈದು ದಿನದಲ್ಲಿ ಸ್ಟುಡಿಯೋಕ್ಕೆ ಒಂದು ಮಾತು ತಿಳಿಸಬೇಕೆಂದು ನನಗೆ ಹೊಳೆದಿರಲಿಲ್ಲ.

ಮೆಸೇಜು ಕಳಿಸಿದ ರಾತ್ರಿ ನಿದ್ದೆ ಬರದೆ, ನಮ್ಮ ಕುಲಕಸುಬಿನಂತೆ ಒಂದು ಎಕ್ಸೆಲ್ ಶೀಟು ತೆರೆದೆ. ಮೋಸ ಎಷ್ಟಾಯಿತೆಂದು ತೋರಿಸುವುದು ಉದ್ದೇಶ. ಒಂಬತ್ತು ಕ್ಲಾಸು, ತಲಾ 350, ಒಟ್ಟು 3,150. ಹನ್ನೊಂದೇ ಕ್ಲಾಸಿಗೆ 7,000 ಕೊಟ್ಟಂತಾಯಿತು, ಅಂದರೆ ಒಂದಕ್ಕೆ 636. ದಿನದ ದರಕ್ಕಿಂತ ಹೆಚ್ಚು! ಆದರೆ ಶೀಟು ಅಲ್ಲಿಗೇ ನಿಲ್ಲಲಿಲ್ಲ. ಅವ್ವ ಬೀಳದೇ ಇದ್ದಿದ್ದರೆ ನಾನು ಎಷ್ಟು ಕ್ಲಾಸು ಮುಗಿಸುತ್ತಿದ್ದೆ? ಮೊದಲ ಒಂಬತ್ತು ವಾರದಲ್ಲಿ ಹನ್ನೊಂದು ಸಲ ಹೋದವನು, ಕೊನೆಯ ನಾಲ್ಕು ವಾರದಲ್ಲಿ ಹೆಚ್ಚೆಂದರೆ ಐದು ಸಲ. ಹದಿನಾರಕ್ಕೇ ಆಟ ಮುಗಿಯುತ್ತಿತ್ತು. 350ರ ಕ್ಲಾಸು ನನಗೆ ಯಾವತ್ತೂ ಸಿಗುತ್ತಿರಲಿಲ್ಲ, ಅದು ಇಪ್ಪತ್ತಕ್ಕೆ ಇಪ್ಪತ್ತೂ ಹೋಗುವವನ ದರ. ಅದೇ ಹತ್ತರ ಪ್ಯಾಕ್ ಕೊಂಡಿದ್ದರೆ ಫೆಬ್ರವರಿ ಕೊನೆಗೆ ಹತ್ತೂ ಮುಗಿದು, ಮಾರ್ಚ್ 1ರದ್ದಕ್ಕೆ 500 ಸೇರಿ, 4,500ರಲ್ಲಿ ಅದೇ ಹನ್ನೊಂದು ಕ್ಲಾಸು ಆಗುತ್ತಿತ್ತು. ಪ್ಯಾಕ್ ಕೊಳ್ಳುವಾಗ ನಾವು ನೋಡಬೇಕಾದದ್ದು ಕ್ಲಾಸಿನ ದರವನ್ನಲ್ಲ, ಹೋದ ಮೂರು ತಿಂಗಳಲ್ಲಿ ನಾವು ನಿಜಕ್ಕೂ ವಾರಕ್ಕೆ ಎಷ್ಟು ಸಲ ಹೋಗಿದ್ದೇವೆ ಅನ್ನುವುದನ್ನು. ಜನವರಿ ಮೊದಲ ವಾರದ ಹಾಜರಿಯನ್ನು ಇದಕ್ಕೆ ಹಿಡಿಯಬಾರದು.

ಮರುದಿನ ಬೆಳಿಗ್ಗೆ ಅಕ್ಕಾರೇ ಫೋನ್ ಮಾಡಿದರು. ಮೆಸೇಜಿನ ಸುದ್ದಿ ಎತ್ತಲಿಲ್ಲ. "ಯಾಕ್ರೀ, ಒಂದು ತಿಂಗಳ ಕಂಡೇ ಇಲ್ಲ? ಆರಾಮ ಅದೀರಿಲ್ಲೋ?" ಅವ್ವನ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾವ ತಾರೀಖಿಗೆ ಹೋದ್ರಿ, ಯಾವಾಗ ಬಂದ್ರಿ?" ಎಂದು ಕೇಳಿ, ಇಪ್ಪತ್ತೈದು ದಿನ ಮುಂದಕ್ಕೆ ಹಾಕಿ, ಏಪ್ರಿಲ್ 29 ಎಂದು ಬರೆದುಕೊಂಡರು. "ಇದನ್ನ ಮೊದಲ ಹೇಳಿದ್ರ ಆಗತಿತ್ತಲ್ಲರೀ. ಮೆಸ್‌ನಾಗ ಖಾಡಾ ಹೇಳೂದಿಲ್ಲೇನು?"

ಪುಣೆಯಲ್ಲಿ ಬ್ಯಾಚುಲರ್ ಆಗಿ ಇದ್ದವರಿಗೆ ಖಾಡಾ ಗೊತ್ತು. ತಿಂಗಳ ಮೆಸ್ಸಿಗೆ ಮುಂಗಡ ಕೊಟ್ಟಿರುತ್ತೇವೆ. ಊರಿಗೆ ಹೋಗುವ ಮುಂಚೆ ತಿಳಿಸಿದರೆ ಆ ದಿನಗಳು ಖಾಡಾ, ಮುಂದಿನ ಲೆಕ್ಕಕ್ಕೆ ಸೇರುತ್ತವೆ. ಹೇಳದೆ ಹೋದರೆ ಇಲ್ಲ, ಯಾಕೆಂದರೆ ನಿಮ್ಮ ಪಾಲಿನ ಚಪಾತಿ ಲಟ್ಟಿಸಿ ಆಗಿರುತ್ತದೆ. ಆದರೆ ಯೋಗದ ಕ್ಲಾಸಿನಲ್ಲಿ ಯಾವ ಚಪಾತಿ ಹಾಳಾಗುತ್ತದೆ? ಆ ವಾರ ಕ್ಲಾಸು ಮುಗಿದ ಮೇಲೆ ಇದನ್ನೇ ಕೇಳಿದೆ. ಅವರು ಖರ್ಚಿನ ನೋಟುಬುಕ್ಕನ್ನೇ ನನ್ನ ಮುಂದೆ ಇಟ್ಟರು.

ಕೋಣೆಯಲ್ಲಿ ಹನ್ನೆರಡು ಚಾಪೆ ಹಿಡಿಸುತ್ತವೆ. ತಿಂಗಳಿಗೆ ಸುಮಾರು ನೂರು ಕ್ಲಾಸು, ಅರ್ಧ ಅಕ್ಕಾರು ತೆಗೆದುಕೊಳ್ಳುತ್ತಾರೆ, ಇನ್ನರ್ಧ ಇಬ್ಬರು ಹುಡುಗಿಯರು. ಅವರಿಗೆ ಕ್ಲಾಸಿಗೆ 600, ಹನ್ನೆರಡು ಜನ ಬಂದರೂ ಅಷ್ಟೇ, ಒಬ್ಬರು ಬಂದರೂ ಅಷ್ಟೇ. ಬಾಡಿಗೆ, ಕರೆಂಟು, ಗುಡಿಸುವವರ ಸಂಬಳ ಎಲ್ಲ ಸೇರಿ ತಿಂಗಳಿಗೆ 80,000. ಅಂದರೆ ಒಂದು ಕ್ಲಾಸಿನ ಬಾಗಿಲು ತೆರೆದರೆ 800 ಹೋಯಿತು. ಪ್ಯಾಕಿನವರು ಇಬ್ಬರೇ ಬಂದರೆ ಲುಕ್ಸಾನು, ಮೂರನೆಯವರು ಬಂದ ಮೇಲೆ ಅವರ ಕೈಗೆ ಏನಾದರೂ ಉಳಿಯುತ್ತದೆ. ನಾನು ಬಾರದ ದಿನವೂ ನನಗಾಗಿ ದೀಪ ಹಚ್ಚಿರುತ್ತದೆ, ಟೀಚರು ಬಂದಿರುತ್ತಾಳೆ. ಅದೇ ಇಲ್ಲಿನ ಚಪಾತಿ.

"ಹಂಗಾರ ಗಡುವು ಯಾಕ? ಮುಂದ ಯಾವಾಗರ ಬಂದ್ರ ಏನ ತ್ರಾಸು?" ಅಂದೆ.

ಮೊದಲು ಗಡುವೇ ಇರಲಿಲ್ಲವಂತೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಗಿ ಬಾಗಿಲು ಹಾಕಿದಾಗ 31 ಜನರ 260 ಕ್ಲಾಸು ಬಾಕಿ ಇದ್ದವು. ಆ ದುಡ್ಡೆಲ್ಲ ಆಗಲೇ ಬಾಡಿಗೆಗೆ ಹೋಗಿತ್ತು. ಮತ್ತೆ ತೆರೆದಾಗ ಹಳಬರೆಲ್ಲ ಬಂದರು. ಎಲ್ಲರೂ ಬಂದದ್ದು ಸಂಜೆ ಏಳರ ಕ್ಲಾಸಿಗೇ. ಕೋಣೆ ತುಂಬಿತ್ತು, ಗಲ್ಲೆ ಖಾಲಿ. ಹೊಸದಾಗಿ 500 ಹಿಡಿದು ಬಂದವರಿಗೆ ಜಾಗವಿಲ್ಲವೆಂದು ಕಳಿಸಬೇಕಾಯಿತು. "ಜಿಮ್ಮು ತುಂಬೇದ ಅಂತ ಮಂದಿ ತಿಳಕೋತಿದ್ರು. ನಾ ಸಾಲ ತೀರಸಾಕತ್ತಿದ್ದೆ" ಅಂದರು. ಆಗ ನನಗೆ ಅರ್ಥವಾಯಿತು: ಮಾರಿದ ಪ್ಯಾಕ್ ಗಳಿಕೆಯಲ್ಲ, ಕ್ಲಾಸು ನಡೆಯುವ ತನಕ ಅದು ಸಾಲ. ಸಾಲಕ್ಕೆ ತಾರೀಖು ಇಲ್ಲದಿದ್ದರೆ ಎಂದು, ಎಷ್ಟು ಜನ ಬಂದು ಕೇಳುತ್ತಾರೋ ಗೊತ್ತಾಗದು. ತಾರೀಖು ಬೇಕೇ ಬೇಕು.

ಆಮೇಲೆ ಅವರೇ ಒಂದು ಮಾತು ಹೇಳಿದರು, ನಾನು ಕೇಳಿರಲಿಲ್ಲ. ಹಿಂದಿನ ಮೂರು ತಿಂಗಳಲ್ಲಿ ಇಪ್ಪತ್ತರ ಪ್ಯಾಕು 14 ಹೋಗಿದ್ದವು, 280 ಕ್ಲಾಸು. ಜನ ಬಂದದ್ದು 205ಕ್ಕೆ. ಉಳಿದ 75 ಗಡುವಿನಲ್ಲಿ ಸತ್ತವು, 26,250 ರೂಪಾಯಿ. "ಬರದವರ ರೊಕ್ಕದಾಗ ಬಾಡಿಗಿ ಕಟ್ಟೀನ್ರಿ, ಖರೆ. ಅವರು ಬರಲಿ ಅಂತ ಫೋನ್ ಮಾಡಬೇಕಂತ ಮಾಡತೀನಿ, ಕೈ ಹಿಂದ ಸರೀತೈತಿ." ಕಲಿಸುವುದನ್ನೇ ಬದುಕು ಮಾಡಿಕೊಂಡ ಹೆಂಗಸಿಗೆ, ಶಿಷ್ಯ ಬಾರದಿರುವುದರಲ್ಲೇ ಲಾಭ ಬರುವಂತೆ ತನ್ನ ದರಪಟ್ಟಿಯೇ ಮಾಡಿತ್ತು. ನನ್ನ ಮೆಸೇಜಿನಲ್ಲಿದ್ದ ಪ್ರಶ್ನೆಯನ್ನು ಅವರು ನನಗಿಂತ ಮೊದಲೇ ತಮಗೆ ಕೇಳಿಕೊಂಡಿದ್ದರು.

ಎರಡು ಭಾನುವಾರ ನಾವಿಬ್ಬರೂ ಕೂತು ನಿಯಮ ತಿದ್ದಿದೆವು. ಗಡುವು ಇರಲಿ, ಆದರೆ ದುಡ್ಡು ಕೊಟ್ಟ ದಿನದಿಂದಲ್ಲ, ಮೊದಲ ಕ್ಲಾಸಿನ ದಿನದಿಂದ. ಮುಂಚೆ ತಿಳಿಸಿದರೆ ಒಂದು ಪ್ಯಾಕಿಗೆ ಒಮ್ಮೆ ಖಾಡಾ, ಕನಿಷ್ಠ ಏಳು ದಿನ, ಗರಿಷ್ಠ ಮೂವತ್ತು. ಆಸ್ಪತ್ರೆ, ಸಾವು ಇಂಥದ್ದಿದ್ದರೆ ಆಮೇಲೆ ತಿಳಿಸಿದರೂ ನಡೆಯುತ್ತದೆ. ಗಡುವಿಗೆ ಹದಿನೈದು ದಿನ ಇರುವಾಗ, ಇಷ್ಟು ಕ್ಲಾಸು ಉಳಿದಿವೆ ಎಂದು ಮೆಸೇಜು ಹೋಗಬೇಕು. ಅಕ್ಕಾರ ಕೈ ಹಿಂದೆ ಸರಿಯದಂತೆ ಅದು ಶೀಟಿನಿಂದ ತಾನಾಗಿ ಹೋಗುವ ಹಾಗೆ ಮಾಡಿಕೊಟ್ಟೆ.

ಜಗಳ ಆದದ್ದು ಕೊನೆಯ ನಿಯಮಕ್ಕೆ. ಗಡುವು ದಾಟಿದ ಕ್ಲಾಸು ಪೂರ್ತಿ ಹೋಗಬೇಕೋ ಬೇಡವೋ? ನಾನು ಹೇಳಿದ್ದು ಇಷ್ಟು. ಬೇಗ ಮುಗಿಸುತ್ತೇನೆ ಅನ್ನುವ ಮಾತಿಗೆ ನೀವು ರಿಯಾಯಿತಿ ಕೊಟ್ಟಿರಿ. ಮಾತು ತಪ್ಪಿದರೆ ರಿಯಾಯಿತಿ ಹೋಗಲಿ, ಕೊಟ್ಟ ದುಡ್ಡು ಯಾಕೆ ಹೋಗಬೇಕು? 350 ಕೊಟ್ಟವನು ಗಡುವಿನ ನಂತರ ಬಂದರೆ ಇನ್ನೂ 150 ಕೊಟ್ಟು ದಿನದ ದರದಲ್ಲಿ ಬರಲಿ. ಅಕ್ಕಾರು, "ಮತ್ತ 2020 ಆಗತೈತಿ" ಅಂದರು. ಅದು ನಿಜವೇ. ಅದಕ್ಕೇ ಈ ಸವಲತ್ತಿಗೂ ಆರು ತಿಂಗಳ ಮಿತಿ ಹಾಕಿದೆವು, ತುಂಬಿದ ಕ್ಲಾಸಿನಲ್ಲಿ ಇವರಿಗೆ ಕೊನೆಯ ಸರದಿ. ಸತ್ತ ಕ್ಲಾಸಿನ ದುಡ್ಡು ಕಡಿಮೆಯಾಗುವುದರಿಂದ ಇಪ್ಪತ್ತರ ಪ್ಯಾಕಿಗೆ 500 ಏರಿಸಿದರು, ಈಗ 7,500. ಕ್ಲಾಸಿಗೆ 375 ಬೀಳುತ್ತದೆ, ಗಡುವು ದಾಟಿದರೆ ಮೇಲೆ 125. ಪ್ರತಿವಾರ ತಪ್ಪದೆ ಬರುವ ಇಬ್ಬರು ಇದಕ್ಕೆ ಗೊಣಗಿದರು. ಇಷ್ಟು ದಿನ ಅವರ ಅಗ್ಗದ ದರಕ್ಕೆ ಬಾರದವರು ದುಡ್ಡು ಕಟ್ಟುತ್ತಿದ್ದರು ಅನ್ನುವುದನ್ನು ಅವರಿಗೆ ನಾನಂತೂ ವಿವರಿಸಲು ಹೋಗಲಿಲ್ಲ.

ಇದರಿಂದ ಅಕ್ಕಾರಿಗೆ ಗಂಟು ಸಿಕ್ಕಿಲ್ಲ. 26,250ರ ಕೊರತೆ 14 ಪ್ಯಾಕಿನ ಮೇಲೆ 500 ಏರಿಸಿದರೆ ತುಂಬುವುದಿಲ್ಲ. ಆದರೆ ಗಡುವು ದಾಟಿದ ಮೇಲೆ ಮುಖ ತೋರಿಸಲು ಸಂಕೋಚಪಟ್ಟು ಬಿಟ್ಟೇ ಹೋಗುತ್ತಿದ್ದವರಲ್ಲಿ ಐದು ಜನ ವ್ಯತ್ಯಾಸ ಕೊಟ್ಟು ಮರಳಿ ಬಂದರು, ಮೂವರು ಹೊಸ ಪ್ಯಾಕ್ ಕೊಂಡರು. ಮೊದಲಾಗಿದ್ದರೆ ಅವರು ನನ್ನಂತೆ ಒಂದು ಮೆಸೇಜು ಬರೆದು ಕಾಣೆಯಾಗುತ್ತಿದ್ದರು.

ಇನ್ನು ನನ್ನ ಒಂಬತ್ತು ಕ್ಲಾಸುಗಳ ಕಥೆ. ಏಪ್ರಿಲ್ 29ರೊಳಗೆ ಆರಕ್ಕೆ ಹೋದೆ. ಇಪ್ಪತ್ತೈದು ದಿನ ಹೆಚ್ಚು ಸಿಕ್ಕರೂ ಮೂರು ಉಳಿದೇ ಉಳಿದವು. ಆ ಮೂರಕ್ಕೆ ಅವ್ವನ ಸೊಂಟ ಕಾರಣವಲ್ಲ, ನಾನೇ. ತಲಾ 150 ಕೊಟ್ಟು ಮುಗಿಸಿದೆ. ಈಗ ಹತ್ತರ ಪ್ಯಾಕ್ ಮಾತ್ರ ಕೊಳ್ಳುತ್ತೇನೆ.

ಹೋದ ವಾರ ಅವ್ವನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ಈಗ ಕೋಲು ಹಿಡಿದು ಅಂಗಳಕ್ಕೆ ಬರುತ್ತಾಳೆ. ಪೂರಾ ಕೇಳಿ, "ದೀಪಾವಳಿಗೆ ಬರಾಂವ ಅದೀಯಲ್ಲ, ಆಕಿಗೆ ಹೇಳಿ ಬಾ ಮತ್ತ" ಅಂದಳು. ಮರುದಿನವೇ ಹೇಳಿದೆ. ಅಕ್ಕಾರು ಪುಸ್ತಕ ತೆರೆದು, ನನ್ನ ಹೆಸರಿನ ಮುಂದೆ ತಾರೀಖು ಹಾಕಿ, ದುಂಡಗೆ ಬರೆದರು: ಖಾಡಾ, ಎಂಟು ದಿನ.