ಮೊಣಕೈ ಸರಿಯಾಗುವುದು ಪಾದದಿಂದ

ನಮ್ಮ ಆಫೀಸಿನ ಸರ್‌ಗೆ ನಲವತ್ತು ದಾಟಿದೆ. ಬಾಸ್ಕೆಟ್‌ಬಾಲ್ ಆಡುವ ಮಗನ ಜೊತೆ ತಾವೂ ಆಡಬೇಕೆಂಬ ಆಸೆಯಿಂದ, ಅಸರ್ ನಮಾಝ್ ಮುಗಿದ ಮೇಲೆ ಕೋರ್ಟಿಗೆ ಬರತೊಡಗಿದರು. ಅವರಿಗೆ ಶೂಟಿಂಗ್ ಹೇಳಿಕೊಡುತ್ತಾ ನಾನೂ ಒಂದು ವಿಷಯ ಕಲಿತೆ. ದೊಡ್ಡವರ ದೇಹ ಚಿಕ್ಕವರದ್ದರಂತೆ ಬಾಗುವುದಿಲ್ಲ.

ಸರ್ ಎರಡೂ ಪಾದಗಳನ್ನು ನೇರ ರಿಂಗ್ ಕಡೆಗೆ ಇಟ್ಟು ನಿಲ್ಲುತ್ತಿದ್ದರು. ಬಲ ಮೊಣಕೈ ಹೊರಗೆ ಚಾಚುತ್ತಿತ್ತು, ಚೆಂಡು ಎಡಕ್ಕೆ ಹೋಗುತ್ತಿತ್ತು. ಮೊಣಕೈಯನ್ನು ಬಲವಂತವಾಗಿ ಒಳಗೆ ತಂದರೆ ಭುಜ ಬಿಗಿಯುತ್ತಿತ್ತು. "ಇದು ನನ್ನಿಂದಾಗದು ಮಾರಾಯ" ಎಂದರು.

"ಸರ್, ಕೈ ಬಿಡಿ, ಪಾದ ತಿರುಗಿಸಿ" ಎಂದೆ. ರಿಂಗ್ ಹನ್ನೆರಡು ಗಂಟೆಯಾದರೆ ಬೆರಳುಗಳು ಹನ್ನೊಂದರ ಕಡೆ ಇರಲಿ. ಪಾದಗಳ ನಡುವೆ ಭುಜದಷ್ಟು ಅಂತರ, ಬಲಪಾದ ಅರ್ಧ ಹೆಜ್ಜೆ ಮುಂದೆ. ಹೀಗೆ ನಿಂತರೆ ಸೊಂಟ ಸ್ವಲ್ಪ ಎಡಕ್ಕೆ ತಿರುಗಿ, ಬಲ ಭುಜ ತಾನಾಗಿ ರಿಂಗ್‌ನ ನೇರಕ್ಕೆ ಬರುತ್ತದೆ. ಮೊಣಕೈಯೂ ಭುಜವನ್ನು ನೋಯಿಸದೆ ಚೆಂಡಿನ ಕೆಳಗೆ ಬಂದು ನಿಲ್ಲುತ್ತದೆ. ಎಡಗೈ ಚೆಂಡಿನ ಪಕ್ಕದಲ್ಲಿ ಆಸರೆಗೆ ಮಾತ್ರ. ಅದರ ಹೆಬ್ಬೆರಳು ತಳ್ಳಿದರೆ ಚೆಂಡು ಬಲಕ್ಕೆ ಜಾರುತ್ತದೆ.

ಈಗ ಚೆಂಡು ನೇರ ಹೋಯಿತು, ಆದರೆ ರಿಂಗ್ ತಲುಪಲಿಲ್ಲ. ಸರ್ ಇನ್ನಷ್ಟು ಜೋರಾಗಿ ಕೈ ಬೀಸಿದರು. ಬೇಕಾಗಿದ್ದದ್ದು ಮಂಡಿ. ಮಂಡಿ ಬಾಗಿಸಿ ಮೇಲೇಳುವಾಗಲೇ ಚೆಂಡೂ ಮೇಲೇರಬೇಕು. ಎದ್ದು ನಿಂತ ಮೇಲೆ ಎಸೆದರೆ ಕಾಲಿನ ಬಲ ವ್ಯರ್ಥವಾಗಿ, ಭುಜವೊಂದೇ ದುಡಿಯುತ್ತದೆ. ಎಸೆದ ಮೇಲೆ ನಿಂತ ಜಾಗದಲ್ಲೇ ಇಳಿದರೆ ಸಮತೋಲ ಸರಿ. ಹಿಂದಕ್ಕೋ ಪಕ್ಕಕ್ಕೋ ಹೆಜ್ಜೆ ತಪ್ಪಿದರೆ ಸಮತೋಲ ಹೋಗಿದೆಯೆಂದು ಅರ್ಥ.

ಕೊನೆಯದು ಫಾಲೋ ಥ್ರೂ. ಚೆಂಡು ಬಿಟ್ಟಾಗ ಮೊಣಕೈ ಹುಬ್ಬಿಗಿಂತ ಮೇಲಿರಬೇಕು, ಮಣಿಕಟ್ಟು ಸಡಿಲವಾಗಿ ಮುಂದಕ್ಕೆ ಬಾಗಬೇಕು. ತೋರು ಮತ್ತು ಮಧ್ಯದ ಬೆರಳು ಕೊನೆಗೆ ಚೆಂಡನ್ನು ಬಿಡಬೇಕು. ಚೆಂಡು ರಿಂಗ್ ಮುಟ್ಟುವವರೆಗೆ ಕೈ ಅಲ್ಲೇ ಇರಲಿ. ಕೈ ಬೇಗ ಇಳಿಸುವ ಅಭ್ಯಾಸವಾದರೆ ಮಣಿಕಟ್ಟು ಪೂರ್ತಿ ಬಾಗುವ ಮೊದಲೇ ಹಿಂದೆ ಎಳೆಯುತ್ತೇವೆ. ಸರಿಯೋ ಅಲ್ಲವೋ ಎಂದು ಚೆಂಡಿನ ಗೆರೆಗಳೇ ಹೇಳುತ್ತವೆ. ಗೆರೆ ಅಡ್ಡಲಾಗಿ ಬರುವಂತೆ ಹಿಡಿದು ಎಸೆಯಿರಿ. ಅದು ಓಲಾಡದೆ ಹಿಂದಕ್ಕೆ ಸುತ್ತಿದರೆ ಬೆರಳು ನೇರ ಬಿಟ್ಟಿವೆ, ಓರೆಯಾಗಿ ಸುತ್ತಿದರೆ ಕೈ ತಿರುಚಿದೆ.

ರಿಂಗ್‌ನ ಅಗಲ 18 ಇಂಚು, ಚೆಂಡಿನದ್ದು ಸುಮಾರು ಒಂಬತ್ತೂವರೆ. ನಡುವಿನಿಂದ ನಾಲ್ಕು ಇಂಚು ಆಚೀಚೆಯಾದರೂ ಚೆಂಡು ಒಳಗೆ ಬೀಳಬಲ್ಲದು. ಆದ್ದರಿಂದ ಮೊದಲು ದಿಕ್ಕು, ಆಮೇಲೆ ದೂರ. ಸರ್ ಐದು ಅಡಿಯಿಂದ ಶುರು ಮಾಡಿದರು. ಸತತ ಐದು ಬಿದ್ದರೆ ಒಂದು ಹೆಜ್ಜೆ ಹಿಂದೆ, ಮೊಣಕೈ ಮತ್ತೆ ಹೊರಗೆ ಹೋದರೆ ಒಂದು ಹೆಜ್ಜೆ ಮುಂದೆ. 15 ಅಡಿಯ ಫ್ರೀ ಥ್ರೋ ಗೆರೆಗೆ ಅವರಿಗಿನ್ನೂ ಎರಡು ಹೆಜ್ಜೆ ಬಾಕಿಯಿದೆ. ಭುಜ ಮಾತ್ರ ಈಗ ನೋಯುತ್ತಿಲ್ಲ.