ಟುಯ್ ಅಂದಮೇಲೆ ಹೇಳಿ

ಪರಿಚಯದವರ ಅಂಗಡಿಗಳ ಫೋನಿಗೆ ವಾಯ್ಸ್‌ಮೇಲ್ ಮಾತು ಬರೆದು, ಅವರ ದನಿಯಲ್ಲೇ ರೆಕಾರ್ಡ್ ಮಾಡಿಸಿಕೊಡುವುದು ನನ್ನ ಹವ್ಯಾಸ. ಅಂಗಡಿಯವರು ಫೋನ್ ಎತ್ತಲಾಗದಿದ್ದಾಗ ಕರೆ ಮಾಡಿದವರ ಕಿವಿಗೆ ಬೀಳುವ ಆ ಇಪ್ಪತ್ತು ಚಿಲ್ಲರೆ ಸೆಕೆಂಡಿನ ಮಾತು ಇದೆಯಲ್ಲ, ಅದು. ಅಷ್ಟು ಸಣ್ಣ ಜಾಗದಲ್ಲಿ ಸ್ವಾಗತವೂ ಇರಬೇಕು, ಮುಂದೇನು ಮಾಡಬೇಕೆಂಬ ದಾರಿಯೂ ಕಾಣಬೇಕು. ಒಂದು ಪದ ಎತ್ತಿ ಇನ್ನೊಂದನ್ನು ಇಟ್ಟರೆ ಇಡೀ ಮಾತಿನ ಮುಖವೇ ಬದಲಾಗುತ್ತದೆ. ಇದಕ್ಕಾಗಿ ಒಂದು ಭಾನುವಾರ ಪೂರ್ತಿ ಕೂತರೂ ನನಗೆ ಬೇಸರವಿಲ್ಲ.

ನಾನಿರುವುದು ನ್ಯೂಜೆರ್ಸಿಯ ಎಡಿಸನ್‌ನಲ್ಲಿ. ಥಾಮಸ್ ಎಡಿಸನ್ 1877ರಲ್ಲಿ ಮನುಷ್ಯನ ದನಿಯನ್ನು ತವರದ ಹಾಳೆಯ ಮೇಲೆ ಹಿಡಿದಿಟ್ಟು ಮತ್ತೆ ಕೇಳಿಸಿದ ಮೆನ್ಲೋ ಪಾರ್ಕ್ ಇರುವುದು ಇದೇ ಊರಿನಲ್ಲಿ. ಮರುವರ್ಷ ಆತ ಒಂದು ಪತ್ರಿಕೆಗೆ ಬರೆದ ಲೇಖನದಲ್ಲಿ ತನ್ನ ಯಂತ್ರದಿಂದ ಏನೇನು ಮಾಡಬಹುದೆಂದು ಪಟ್ಟಿ ಕೊಟ್ಟ. ಅದನ್ನು ಟೆಲಿಫೋನಿಗೆ ಜೋಡಿಸಿ ಮಾತನ್ನು ಉಳಿಸಿಡಬಹುದು ಎಂಬುದೂ ಆ ಪಟ್ಟಿಯಲ್ಲಿತ್ತು. ಆ ಕಡೆ ಕಾರು ಓಡಿಸುವಾಗಲೆಲ್ಲ ನನಗೆ ಇದು ನೆನಪಾಗಿ ಖುಷಿಯಾಗುತ್ತದೆ.

ನಾನು ಮಾಡಿಸಿದವುಗಳಲ್ಲಿ ನನಗೆ ತುಂಬ ಹಿಡಿಸಿದ್ದು ಹೋಳಿಗೆ ಅಕ್ಕನದು. ಇಲ್ಲಿಯ ಕನ್ನಡದವರೆಲ್ಲ ಅವರನ್ನು ಹಾಗೇ ಕರೆಯುವುದು. ಲೈಸೆನ್ಸ್ ಇರುವ ಒಂದು ಅಡುಗೆಮನೆಯನ್ನು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಹಿಡಿದು ನಾಮಕರಣ, ಸೀಮಂತ, ಗೃಹಪ್ರವೇಶಗಳಿಗೆ ಅಡುಗೆ ಮಾಡಿಕೊಡುತ್ತಾರೆ. ಕೈಗೆ ಕಣಕ ಮೆತ್ತಿರುತ್ತದೆ, ತಲೆಯ ಮೇಲೆ ಎಕ್ಸಾಸ್ಟ್ ಫ್ಯಾನ್ ಅಬ್ಬರಿಸುತ್ತಿರುತ್ತದೆ. ಫೋನ್ ಎತ್ತುವ ಮಾತೇ ಇಲ್ಲ.

ಅವರು ತಾವೇ ಬರೆದಿಟ್ಟುಕೊಂಡಿದ್ದ ಮಾತು ಸುಮಾರು ಒಂದು ನಿಮಿಷದ್ದು. “ಹಲೋ, ನಮಸ್ಕಾರ, ಕರೆ ಮಾಡಿದ್ದಕ್ಕೆ ಧನ್ಯವಾದಗಳು, ನಿಮ್ಮ ಕರೆ ನಮಗೆ ಬಹಳ ಮುಖ್ಯ, ಸದ್ಯಕ್ಕೆ ನಾನು ಕರೆಯನ್ನು ಸ್ವೀಕರಿಸುವ ಸ್ಥಿತಿಯಲ್ಲಿಲ್ಲ” ಎಂದು ಶುರುವಾಗಿ, ಬೇಳೆ ಹೋಳಿಗೆ, ಕಾಯಿ ಹೋಳಿಗೆ, ಚಕ್ಕುಲಿ, ಕೋಡುಬಳೆ, ಬಿಸಿಬೇಳೆಬಾತ್ ಎಲ್ಲವನ್ನೂ ಹೇಳಿ, ಇಮೇಲ್ ವಿಳಾಸದ ಒಂದೊಂದು ಅಕ್ಷರವನ್ನೂ ಬಿಡಿಸಿ, “ಆದಷ್ಟು ಬೇಗ ಸಂಪರ್ಕಿಸುತ್ತೇನೆ” ಎಂದು ಮುಗಿಯುತ್ತಿತ್ತು. ಆಮೇಲೆ ಅದೆಲ್ಲ ಇನ್ನೊಮ್ಮೆ ಇಂಗ್ಲಿಷಿನಲ್ಲಿ.

ನಾನು ಮೊದಲು ನೋಡುವುದು ಕೇಳುವವರು ಆಗಲೇ ಎಷ್ಟು ಕಾದಿದ್ದಾರೆ ಎಂಬುದನ್ನು. ಅಮೆರಿಕದಲ್ಲಿ ಫೋನ್ ರಿಂಗು ಎರಡು ಸೆಕೆಂಡ್ ಹೊಡೆದು ನಾಲ್ಕು ಸೆಕೆಂಡ್ ಸುಮ್ಮನಿರುತ್ತದೆ. ನಾಲ್ಕು ರಿಂಗು ಮುಗಿಯುವಷ್ಟರಲ್ಲಿ ಇಪ್ಪತ್ತು ಸೆಕೆಂಡಿಗೂ ಮೇಲಾಗಿರುತ್ತದೆ. ಅಷ್ಟು ಕಾದವರಿಗೆ ತಿಂಡಿಯ ಪಟ್ಟಿ ಬೇಡ. ಹೋಳಿಗೆ ಸಿಗುತ್ತದೆಂದು ಗೊತ್ತಿದ್ದೇ ಅವರು ಫೋನ್ ಮಾಡಿರುವುದು. ಪಟ್ಟಿ ಹೋಯಿತು. ಕರೆ ಮುಖ್ಯ ಎಂದು ಬಾಯಲ್ಲಿ ಹೇಳುವುದಕ್ಕಿಂತ, ತಿರುಗಿ ಯಾವಾಗ ಫೋನ್ ಮಾಡುತ್ತೀರಿ ಎಂದು ಹೇಳುವುದರಲ್ಲಿ ಹೆಚ್ಚು ಆದರವಿದೆ. ಹಾಗಾಗಿ ಅದೂ ಹೋಯಿತು. ಇಮೇಲ್ ವಿಳಾಸ ಹೋಗಿದ್ದಕ್ಕೆ ಬೇರೆ ಕಾರಣವಿದೆ. ಸಾಮಾನ್ಯ ಫೋನ್ ಲೈನು ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ದನಿಯನ್ನಷ್ಟೇ ಸಾಗಿಸುತ್ತದೆ. ‘ಸ’ಕಾರದ ಸುಯ್ಯೆನ್ನುವ ಸದ್ದು ಬಹುಪಾಲು ಅದಕ್ಕಿಂತ ಮೇಲಿರುವುದರಿಂದ ದಾರಿಯಲ್ಲೇ ಉದುರಿಹೋಗುತ್ತದೆ. ‘ಹೆಸರು’ ಎಂಬಂಥ ಪದವನ್ನು ಕಿವಿ ಸಂದರ್ಭದಿಂದ ತುಂಬಿಕೊಳ್ಳುತ್ತದೆ. ಆದರೆ ಬಿಡಿಯಾಗಿ ಹೇಳಿದ ಎಸ್ ಯಾವುದು, ಎಫ್ ಯಾವುದು ಎಂದು ಗೊತ್ತಾಗುವುದೇ ಇಲ್ಲ. ಹೊಸ ಫೋನುಗಳಲ್ಲಿ ದನಿ ಇನ್ನೂ ಚೆನ್ನಾಗಿ ಬರುತ್ತದೆ ನಿಜ, ಆದರೆ ಕರೆ ಮಾಡುವವರ ಕೈಯಲ್ಲಿ ಯಾವ ಫೋನ್ ಇದೆಯೋ ಯಾರಿಗೆ ಗೊತ್ತು?

ಇನ್ನು “ಆದಷ್ಟು ಬೇಗ”. ಅಕ್ಕನನ್ನು ಕೇಳಿದೆ, ನಿಜವಾಗಿ ಯಾವಾಗ ಫೋನ್ ಮಾಡ್ತೀರಿ ಅಂತ. “ಪಾತ್ರೆ ಎಲ್ಲ ತೊಳೆದು ಏಳು ಗಂಟೆಗೆ ಕೂತ್ಕೋತೀನಿ ಕಣೋ, ಎಂಟರೊಳಗೆ ಎಲ್ಲರಿಗೂ ಮಾಡಿ ಮುಗಿಸ್ತೀನಿ” ಅಂದರು. ಹೇಳಬೇಕಾದ ಮಾತು ಅದೇ. “ಇವತ್ತು ಎಂಟರೊಳಗೆ” ಎಂದರೆ ರಾತ್ರಿ ಒಂಬತ್ತಕ್ಕೆ ಕರೆ ಮಾಡಿದವರಿಗೆ ಅದು ಸುಳ್ಳಾಗುತ್ತದೆ. “ದಿನಾ ಸಂಜೆ ಏಳರ ಮೇಲೆ” ಎಂದರೆ ಯಾವ ಹೊತ್ತಿಗೆ ಕೇಳಿದರೂ ನಿಜ. ರೆಕಾರ್ಡ್ ಮಾಡಿದ ಮಾತು ತಿಂಗಳುಗಟ್ಟಲೆ ಉಳಿಯುವುದರಿಂದ ಅದರಲ್ಲಿ ‘ಇವತ್ತು’, ‘ಈಗ’, ‘ನಾಳೆ’ ಬರಕೂಡದು.

ಸಂದೇಶ ಬಿಡಿ ಎಂದರೂ ಸಾಲದು. ಏನು ಹೇಳಬೇಕೆಂದು ಗೊತ್ತಾಗದೆ ಜನ “ನಾನು ಮಾತಾಡ್ತಿರೋದು, ಆಮೇಲೆ ಮಾಡ್ತೀನಿ” ಎಂದು ಇಟ್ಟುಬಿಡುತ್ತಾರೆ. ಅಕ್ಕನಿಗೆ ಬೇಕಾದದ್ದು ಎರಡೇ ವಿಷಯ, ಯಾವ ದಿನಕ್ಕೆ ಮತ್ತು ಎಷ್ಟು ಜನಕ್ಕೆ. ಅವೆರಡು ಗೊತ್ತಾದರೆ ಕ್ಯಾಲೆಂಡರ್ ನೋಡಿಕೊಂಡು, ಆಗುತ್ತದೋ ಇಲ್ಲವೋ ಎಂಬ ಉತ್ತರ ಕೈಯಲ್ಲಿಟ್ಟುಕೊಂಡೇ ತಿರುಗಿ ಫೋನ್ ಮಾಡಬಹುದು. ನಂಬರ್ ಕೇಳುವುದನ್ನು ಬಿಟ್ಟೆವು. ಅದು ಸಾಧಾರಣವಾಗಿ ಅಕ್ಕನ ಫೋನಿನಲ್ಲೇ ಮೂಡಿರುತ್ತದೆ.

ನಿಜವಾದ ತೊಡಕು ಬಂದದ್ದು ಭಾಷೆಯಲ್ಲಿ. ಅಕ್ಕನಿಗೆ ಫೋನ್ ಮಾಡುವವರಲ್ಲಿ ಇಂಗ್ಲಿಷ್ ಮಾತ್ರ ಬಲ್ಲವರೂ ಇದ್ದಾರೆ, ಊರಿನಿಂದ ಮಕ್ಕಳ ಮನೆಗೆ ಬಂದು ಕೆಲವು ತಿಂಗಳು ಇರುವ ಅಪ್ಪ ಅಮ್ಮಂದಿರೂ ಇದ್ದಾರೆ. ಈ ಹಿರಿಯರಿಗೆ ವಾಯ್ಸ್‌ಮೇಲ್ ಅಭ್ಯಾಸವಿಲ್ಲ. ನಮ್ಮೂರಿನಲ್ಲಿ ಫೋನಿನಿಂದ ರೆಕಾರ್ಡ್ ಆದ ದನಿ ಬಂತೆಂದರೆ ಅದು ಕಂಪನಿಯವರ ದನಿ, ನೀವು ಕರೆ ಮಾಡಿದವರು ಸಿಗುತ್ತಿಲ್ಲ ಎಂದರ್ಥ. ಕೇಳಿದ ತಕ್ಷಣ ಇಟ್ಟುಬಿಡುವುದು ಅವರ ರೂಢಿ. ಇಲ್ಲವೇ ಅಕ್ಕನ “ಹಲೋ” ಕೇಳಿ, ಅಕ್ಕನೇ ಸಿಕ್ಕರೆಂದು ಮಾತಿಗೆ ಶುರುಮಾಡುತ್ತಾರೆ. ಆದ್ದರಿಂದ ‘ಹಲೋ’ ಹೋಯಿತು, ಇದು ರೆಕಾರ್ಡ್ ಎಂದು ಬಾಯಿಬಿಟ್ಟು ಹೇಳುವುದು ಬಂತು. ಬೀಪ್ ಎಂಬ ಮಾತೂ ಅವರಿಗೆ ಹೊಸದು. ಅಕ್ಕನ ಅತ್ತೆ ಅದನ್ನು ‘ಟುಯ್ ಅನ್ನೋದು’ ಅನ್ನುತ್ತಿದ್ದರು. ಅದನ್ನೇ ಇಟ್ಟುಕೊಂಡೆವು.

ಯಾವ ಭಾಷೆ ಮೊದಲು? ಇಂಗ್ಲಿಷ್ ಮೊದಲು ಬಂದರೆ ಹಿರಿಯರು ಕನ್ನಡ ಬರುವವರೆಗೆ ಕಾಯುವುದಿಲ್ಲ. ಕನ್ನಡ ಮೊದಲು ಹೇಳಿ ಇಂಗ್ಲಿಷ್ ಆಮೇಲೆ ಹೇಳಿದರೆ, “ಟುಯ್ ಅಂದಮೇಲೆ ಹೇಳಿ” ಎಂಬುದನ್ನು ಕೇಳಿಸಿಕೊಂಡವರ ಕಿವಿಗೆ ಮತ್ತೆ ಇಂಗ್ಲಿಷ್ ಬಿದ್ದು ಅವರು ಗಲಿಬಿಲಿಗೊಳ್ಳುತ್ತಾರೆ. ಬೀಪಿಗೆ ಹತ್ತಿರವಾಗಿ ಕೊನೆಯಲ್ಲಿ ಬರಬೇಕಾದದ್ದು, ಯಾರಿಗೆ ಆ ಸೂಚನೆ ಹೆಚ್ಚು ಬೇಕೋ ಅವರ ಭಾಷೆ. ಇಂಗ್ಲಿಷಿನವರಿಗೆ ವಾಯ್ಸ್‌ಮೇಲ್ ಹೊಸದಲ್ಲ, ತಮ್ಮ ಮಾತು ಮುಗಿದ ಮೇಲೂ ಬೀಪಿಗೆ ಕಾಯುತ್ತಾರೆ. ಇದನ್ನೆಲ್ಲ ತೂಗಿ ನೋಡಿ ಹೀಗೆ ಕಟ್ಟಿದೆವು. ಮೊದಲಿಗೆ, “ನಮಸ್ಕಾರ, ಹೋಳಿಗೆ ಅಕ್ಕನ ಅಡುಗೆಮನೆ. ಕನ್ನಡದವರು ಹಾಗೇ ಇರಿ, ಫೋನ್ ಇಡಬೇಡಿ.” ಆಮೇಲೆ ಏಳೆಂಟು ಸೆಕೆಂಡ್ ಇಂಗ್ಲಿಷ್: ಹೆಸರು, ದಿನ, ಎಷ್ಟು ಜನ ಎಂದು ಹೇಳಿ, ಸಂಜೆ ಏಳರ ಮೇಲೆ ಫೋನ್ ಮಾಡುತ್ತೇನೆ, ಅಷ್ಟೇ. ಕೊನೆಗೆ, “ಇದು ರೆಕಾರ್ಡ್ ಮಾಡಿಟ್ಟ ಮಾತು. ಅಡುಗೇಲಿದೀನಿ, ದಿನಾ ಸಂಜೆ ಏಳರ ಮೇಲೆ ಎಲ್ಲರಿಗೂ ನಾನೇ ಫೋನ್ ಮಾಡ್ತೀನಿ. ಟುಯ್ ಅಂದಮೇಲೆ ನಿಮ್ಮ ಹೆಸರು, ಯಾವ ದಿನಕ್ಕೆ, ಎಷ್ಟು ಜನಕ್ಕೆ ಅಂತ ಹೇಳಿ.”

‘ನಮಸ್ಕಾರ’ ಮೊದಲಿರುವುದು ಮರ್ಯಾದೆಗೆ ಮಾತ್ರವಲ್ಲ. ಲೈನು ಕೂಡುವಾಗ ಎಷ್ಟೋ ಸಲ ಮೊದಲ ಅಕ್ಷರ ತುಂಡಾಗುತ್ತದೆ. ‘ನಮಸ್ಕಾರ’ದ ‘ನ’ ಹೋದರೂ ಯಾರಿಗೂ ನಷ್ಟವಿಲ್ಲ, ಅಂಗಡಿಯ ಹೆಸರಿನ ತಲೆ ಹೋದರೆ ಕಷ್ಟ. ಅದಕ್ಕೇ ರೆಕಾರ್ಡ್ ಒತ್ತಿ ಅರ್ಧ ಸೆಕೆಂಡ್ ಸುಮ್ಮನಿದ್ದು ಶುರುಮಾಡಿ ಅನ್ನುತ್ತೇನೆ. ಕೊನೆಯಲ್ಲಿ ಮಾತ್ರ ಇದಕ್ಕೆ ಉಲ್ಟಾ, ಮಾತು ಮುಗಿದೊಡನೆ ನಿಲ್ಲಿಸಿಬಿಡಬೇಕು. ಅಲ್ಲಿ ಮೌನ ಉಳಿದರೆ ಕೇಳುವವರು ಲೈನ್ ಕಟ್ಟಾಯಿತೆಂದುಕೊಳ್ಳುತ್ತಾರೆ, ಇಲ್ಲವೇ ಬೀಪಿಗೂ ಮುಂಚೆ ಬಾಯಿ ತೆರೆಯುತ್ತಾರೆ.

ರೆಕಾರ್ಡ್ ಮಾಡಿದ್ದು ಅಕ್ಕನ ಕಾರಿನಲ್ಲಿ. ಎಂಜಿನ್ ಆರಿಸಿ, ಗಾಜು ಏರಿಸಿ ಕೂತರೆ ಕಾರಿನಷ್ಟು ಒಳ್ಳೆಯ ಕೋಣೆ ಸಿಗುವುದು ಕಷ್ಟ. ಸೀಟಿನ ಬಟ್ಟೆ, ಚಾವಣಿಯ ಬಟ್ಟೆ ಎಲ್ಲ ಸೇರಿ ಪ್ರತಿಧ್ವನಿಯನ್ನು ಹೀರಿಕೊಳ್ಳುತ್ತವೆ. ಟೈಲ್ಸ್ ಹಾಕಿದ ಅಡುಗೆಮನೆಯಲ್ಲಿ ಆಡಿದ ಮಾತು ಬಾವಿಯೊಳಗಿಂದ ಬಂದ ಹಾಗೆ ಕೇಳುತ್ತದೆ. ಫೋನನ್ನು ಒಂದು ಗೇಣು ದೂರದಲ್ಲಿ, ಬಾಯಿಗೆ ನೇರವಾಗಿ ಅಲ್ಲದೆ ಸ್ವಲ್ಪ ಪಕ್ಕಕ್ಕೆ ಹಿಡಿಯಬೇಕು. ಎದುರಿಗೇ ಹಿಡಿದರೆ ‘ಪ’, ‘ಬ’, ‘ಭ’ ಬಂದಾಗ ಉಸಿರು ಮೈಕಿಗೆ ಬಡಿದು ಡಬ್ ಅನ್ನುತ್ತದೆ. ಅಕ್ಕನದು ಐಫೋನ್. Phone ಒಳಗೆ Voicemail, ಅಲ್ಲಿ Greeting, ಅದರಲ್ಲಿ Custom ಆರಿಸಿ Record ಒತ್ತಿ ಮಾತಾಡಿ, ಮುಗಿದೊಡನೆ Stop, ಆಮೇಲೆ Save ಒತ್ತಿದರೆ ಆಯಿತು.

ಶುರುವಿನಲ್ಲಿ ಅಕ್ಕ ಕಾಗದ ನೋಡಿ ಓದಿದರು. ಓದುವಾಗ “ಮಾಡ್ತೀನಿ” ಎಂದು ಬರೆದದ್ದೂ “ಮಾಡುತ್ತೇನೆ” ಆಗುತ್ತಿತ್ತು. ದನಿಯೂ ಸಮತಟ್ಟಾಯಿತು. ಕಾಗದ ತೆಗೆದಿಟ್ಟು, ನಿಮಗೆ ಗೊತ್ತಿರುವ ಯಾರಾದರೂ ಹಿರಿಯರನ್ನು ನೆನೆದು ಅವರಿಗೊಬ್ಬರಿಗೇ ಹೇಳಿ ಅಂದೆ. ತಮ್ಮ ಅತ್ತೆಯನ್ನು ನೆನೆದುಕೊಂಡರೇನೋ, “ಫೋನ್ ಇಡಬೇಡಿ” ಅನ್ನುವಾಗ ಮುಖದಲ್ಲಿ ನಗು ಬಂತು. ಈ ನಗು ಕಿವಿಗೆ ಕೇಳಿಸುತ್ತದೆ. ತುಟಿ ಅಗಲವಾದಾಗ ಬಾಯೊಳಗಿನ ದಾರಿ ಗಿಡ್ಡವಾಗಿ ದನಿ ತುಸು ಮೇಲಕ್ಕೇರಿ ತಿಳಿಯಾಗುತ್ತದೆ. ಮುಖ ಕಾಣದವರೂ ಅದನ್ನು ಗುರುತಿಸುತ್ತಾರೆ. ಎಲ್ಲವನ್ನೂ ಒಂದೇ ಉಸಿರಿನ ಲಯದಲ್ಲಿ, ತುಂಡು ಜೋಡಿಸದೆ ಹಿಡಿದೆವು. ಇಪ್ಪತ್ತೈದು ಸೆಕೆಂಡ್ ಆಯಿತು. ಎರಡು ಭಾಷೆಗೆ ಇದಕ್ಕಿಂತ ಇಳಿಸಲು ನಾನು ಒಪ್ಪುವುದಿಲ್ಲ, ಅವಸರದ ಸ್ವಾಗತ ಸ್ವಾಗತವಲ್ಲ. ಒಂದೇ ಭಾಷೆಯಾದರೆ ಹದಿನೈದು ಸಾಕು.

ಆಮೇಲಿನ ಕೆಲಸ ಬಂದ ಸಂದೇಶಗಳನ್ನು ಕೇಳುವುದು. ಮಾತಿನಲ್ಲಿ ಎಲ್ಲಿ ಐಬಿದೆ ಎಂದು ಅವೇ ಹೇಳುತ್ತವೆ. ಎರಡು ಮೂರು ಸೆಕೆಂಡಿನ ಖಾಲಿ ಸಂದೇಶಗಳು ಹೆಚ್ಚಾದರೆ, ಜನ ಕೊನೆಯವರೆಗೆ ಕಾದರೂ ಏನು ಹೇಳಬೇಕೆಂದು ತಿಳಿದಿಲ್ಲ ಎಂದರ್ಥ. ಅರ್ಧ ಮಾತಿನಿಂದ ಶುರುವಾದರೆ ಕೊನೆಯಲ್ಲಿ ಮೌನ ಉಳಿದಿದೆ. “ಹಲೋ ಹಲೋ, ಅಕ್ಕ, ಕೇಳಿಸ್ತಿದೆಯಾ” ಎಂದಿದ್ದರೆ ರೆಕಾರ್ಡ್ ಎಂಬುದು ಅವರಿಗೆ ಮುಟ್ಟಿಲ್ಲ. ಹೊಸ ಮಾತು ಹಾಕಿದ ವಾರ ಒಬ್ಬ ಅಜ್ಜಿಯ ಸಂದೇಶವನ್ನು ಅಕ್ಕ ನನಗೆ ಕೇಳಿಸಿದರು. ಹೆಸರು ಹೇಳಿ, ಇಂಥವರ ಅಮ್ಮ ಎಂದೂ ಸೇರಿಸಿ, ಮೊಮ್ಮಗುವಿನ ನಾಮಕರಣ, ಮುಂದಿನ ಶನಿವಾರ, ಮೂವತ್ತು ಜನ, ಬೇಳೆ ಹೋಳಿಗೆ ಎಂದು ಒಂದೊಂದನ್ನೇ ಬಿಡಿಸಿ ಹೇಳಿ, “ಅಡುಗೆ ಮುಗಿಸ್ಕೊಂಡು ನಿಧಾನಕ್ಕೆ ಫೋನ್ ಮಾಡಮ್ಮ” ಅಂದಿದ್ದರು.

ದೀಪಾವಳಿಯ ವಾರ ಹೊಸ ಆರ್ಡರ್ ತೆಗೆದುಕೊಳ್ಳುವುದಿಲ್ಲ ಎಂದು ಬೇರೆ ಮಾತು ಹಾಕಬೇಕು ಅಂತ ಅಕ್ಕ ಹೇಳಿದ್ದಾರೆ. ಅದನ್ನು ಹಾಕುವ ದಿನವೇ, ಹಳೆಯದನ್ನು ವಾಪಸ್ ಹಾಕುವ ತಾರೀಖನ್ನೂ ಅವರ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಬೇಕು. ವಾಯ್ಸ್‌ಮೇಲ್ ಪೆಟ್ಟಿಗೆ ತುಂಬಿದರೆ ಹೊಸ ಸಂದೇಶಕ್ಕೆ ಜಾಗವಿರುವುದಿಲ್ಲ. ಹಾಗಾಗಿ ಸಂಜೆ ಫೋನ್ ಮಾಡಿ ಮುಗಿಸಿದ ಸಂದೇಶಗಳನ್ನು ಆಗಲೇ ಅಳಿಸುವುದನ್ನೂ ರೂಢಿ ಮಾಡಿಸಿದ್ದೇನೆ.